ಎರೆಮಣ್ಣಿಗೆ ಎಷ್ಟು ಸುಣ್ಣ? ಏಳನೇ ದಿನದ ಅಂಕಿ ಸಾಲದು

ಅಕ್ಕಲಕೋಟ ಕಡೆ ರಸ್ತೆ ಕೆಲಸ ಮಾಡಿದವರಿಗೆ ಎರೆಮಣ್ಣಿನ ಗುಣ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಟ್ರ್ಯಾಕ್ಟರ್ ಗಾಲಿ ಹೂತು ಹೋಗುತ್ತದೆ. ನಾನು ಹೇಳುತ್ತಿರುವ ಹಳ್ಳಿ ರಸ್ತೆಯಲ್ಲಿ ನೀರಲ್ಲಿ ನೆನೆಸಿದ ಮಣ್ಣಿನ ಸಿಬಿಆರ್, ಅಂದರೆ ಭಾರ ಹೊರುವ ಬಲದ ಅಂಕಿ, ಬರೀ 2 ಇತ್ತು, ಜಿಗುಟುತನ ಅಳೆಯುವ ಪ್ಲಾಸ್ಟಿಸಿಟಿ ಇಂಡೆಕ್ಸ್ 38. ಮಣ್ಣು ತೆಗೆದು ಮುರುಮ್ ತುಂಬುವುದು ದುಬಾರಿ, ಅದಕ್ಕೆ ಸುಣ್ಣ ಬೆರೆಸುವುದು ಅಂತ ತೀರ್ಮಾನ ಆಯ್ತು. ಎಷ್ಟು ಬೆರೆಸಬೇಕು ಅನ್ನುವುದೇ ಪ್ರಶ್ನೆ.

ಮೊದಲು ಪಿಎಚ್ ಪರೀಕ್ಷೆ ಮಾಡಿದೆ. ಸಣ್ಣ ಜರಡಿ ಹಿಡಿದ 25 ಗ್ರಾಂ ಒಣ ಮಣ್ಣು, 100 ಮಿಲಿ ಡಿಸ್ಟಿಲ್ಡ್ ನೀರು, ಒಂದೊಂದು ಬಾಟಲಿಗೆ ಒಂದೊಂದು ಪ್ರಮಾಣದ ಸುಣ್ಣ. ಹತ್ತು ನಿಮಿಷಕ್ಕೊಮ್ಮೆ ಕುಲುಕಿ, ಒಂದು ಗಂಟೆ ಆದ ಮೇಲೆ ಅಳೆಯಬೇಕು. ಪಿಎಚ್ 12.4 ಮುಟ್ಟುವ ಅತಿ ಕಡಿಮೆ ಪ್ರಮಾಣವೇ ಮಣ್ಣಿಗೆ ಬೇಕಾದ ಸುಣ್ಣ ಅಂತ ಪುಸ್ತಕದಲ್ಲಿ ಇರುತ್ತದೆ. ಆದರೆ ಆ 12.4 ಅನ್ನುವುದು 25 ಡಿಗ್ರಿ ಉಷ್ಣತೆಯ ಲೆಕ್ಕ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಕೆಳಗಿನ ನೀರೂ 30 ದಾಟಿರುತ್ತದೆ, ಆಗ ಬರೀ ಸುಣ್ಣದ ತಿಳಿಯೇ 12.4 ತೋರಿಸುವುದಿಲ್ಲ. 12.4ಕ್ಕೇ ಕಾದು ಕೂತರೆ ಸುಮ್ನೆ ಸುಣ್ಣ ಹೆಚ್ಚಿಸುತ್ತಾ ಹೋಗುತ್ತೀರಿ. ಅದಕ್ಕೆ ಮಣ್ಣಿಲ್ಲದೆ ಬರೀ ಸುಣ್ಣ ಹಾಕಿದ ಒಂದು ಬಾಟಲಿ ಪಕ್ಕದಲ್ಲಿ ಇಡಬೇಕು. ನನ್ನದು 12.2 ತೋರಿಸಿತು. ಮಣ್ಣಿನ ಬಾಟಲಿಗಳಲ್ಲಿ 2 ಶೇಕಡಕ್ಕೆ 11.7, 3ಕ್ಕೆ 12.0, 4ಕ್ಕೆ 12.2, ಆಮೇಲೆ ಏರಲಿಲ್ಲ. ಅಂದರೆ ಮಣ್ಣಿನ ಹಸಿವು 4ರಲ್ಲಿ ತೀರಿತು. ಗಾಳಿ ತಾಗಿದ ಚೀಲ, ಸರಿಯಾಗಿ ಬೆರೆಯದ ಜಾಗ ಎಲ್ಲ ಲೆಕ್ಕ ಹಾಕಿ ಸೈಟಿಗೆ 5 ಅಂದೆ.

ಗುತ್ತಿಗೆದಾರರ ಮೇಸ್ತ್ರಿ ಒಪ್ಪಲಿಲ್ಲ. "ಸಾಹೇಬ್ರ, ಮೂರು ಹಾಕಿದ್ರೂ ಮಣ್ಣು ಪುಡಿ ಆಗೇತಿ, ಮತ್ಯಾಕ ಐದು?" ಅಂದರು. ಅವರು ಕಂಡದ್ದು ಸುಳ್ಳಲ್ಲ. 3 ಶೇಕಡದಲ್ಲೇ ಪ್ಲಾಸ್ಟಿಸಿಟಿ ಇಂಡೆಕ್ಸ್ 14ಕ್ಕೆ ಇಳಿದು, ಜಿಗುಟು ಮಣ್ಣು ಹರಳು ಹರಳಾಗಿತ್ತು. ಸುಣ್ಣದ ಕ್ಯಾಲ್ಸಿಯಂ ಮಣ್ಣಿನ ಕಣಗಳಿಗೆ ಅಂಟಿ ಅವನ್ನು ಗುಂಪು ಮಾಡುತ್ತದೆ, ಅದು ಕೆಲವೇ ಗಂಟೆಗಳ ಕೆಲಸ. ಗಟ್ಟಿಯಾಗುವುದು ಬೇರೆ ಕೆಲಸ. ಪಿಎಚ್ ಏರಿದಾಗ ಮಾತ್ರ ಜೇಡಿಯೊಳಗಿನ ಸಿಲಿಕಾ, ಅಲ್ಯೂಮಿನಾ ಕರಗಿ ಬಂದು, ಉಳಿದ ಸುಣ್ಣದ ಜೊತೆ ಸೇರಿ ಸಿಮೆಂಟಿನಂಥ ಅಂಟು ಕಟ್ಟುತ್ತದೆ. ಅದಕ್ಕೆ ವಾರಗಳು, ತಿಂಗಳುಗಳು ಬೇಕು.

ಎರಡೂ ಪ್ರಮಾಣದಲ್ಲಿ ಸಿಲಿಂಡರ್ ಅಚ್ಚು ಮಾಡಿ, ತೇವ ಹೋಗದಂತೆ ಪ್ಲಾಸ್ಟಿಕ್ ಸುತ್ತಿಟ್ಟು, ಒಡೆಯುವ ಮುಂಚೆ ನೀರಲ್ಲಿ ನೆನೆಸಿ ಒಡೆದೆವು. ಏಳನೇ ದಿನ ಅಚ್ಚು ತಾಳಿದ ಒತ್ತಡ 3 ಶೇಕಡಕ್ಕೆ 0.38 ಮೆಗಾಪ್ಯಾಸ್ಕಲ್, 5ಕ್ಕೆ 0.45. ಇಷ್ಟೇ ನೋಡಿದ್ದರೆ ಮೇಸ್ತ್ರಿಯವರೇ ಗೆಲ್ಲುತ್ತಿದ್ದರು, ಅಲ್ವಾ? 28ನೇ ದಿನ 3ರದ್ದು 0.50ಕ್ಕೆ ನಿಂತಿತ್ತು, 5ರದ್ದು 0.92. 90ನೇ ದಿನಕ್ಕೆ 5ರದ್ದು 1.4 ಮುಟ್ಟಿತು, 3ರದ್ದು ಅಲ್ಲೇ ಇತ್ತು. ಕಡಿಮೆ ಹಾಕಿದಾಗ ಸುಣ್ಣವೆಲ್ಲ ಮಣ್ಣನ್ನು ಹರಳು ಮಾಡುವುದಕ್ಕೇ ಖರ್ಚಾಗುತ್ತದೆ, ಅಂಟು ಕಟ್ಟಲು ಉಳಿಯುವುದಿಲ್ಲ. ಅದಕ್ಕೇ ಸುಣ್ಣದ ಬಲವನ್ನು 28 ದಿನದ ಅಂಕಿಯಿಂದಲೇ ತೂಗಬೇಕು. ಏಳು ದಿನದ ಅಂಕಿ ಸಿಮೆಂಟಿಗೆ ಸರಿ.

ಹಾಗಾದರೆ ಸಿಮೆಂಟನ್ನೇ ಹಾಕಬಹುದಲ್ಲ ಅಂತ ಕೇಳುತ್ತಾರೆ. ಇಂಥ ಮಣ್ಣಿಗೆ ನೇರವಾಗಿ ಸಿಮೆಂಟ್ ಹಾಕಿದರೆ ಹೆಂಟೆಯ ಹೊರಗೆ ಮಾತ್ರ ಅಂಟುತ್ತದೆ, ಒಳಗೆ ಎರೆಮಣ್ಣು ಹಾಗೇ ಉಳಿಯುತ್ತದೆ. ನಮ್ಮ ಅಚ್ಚುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಕಿ ತಾಳೆಯಾಗಲಿಲ್ಲ. ಮೊದಲು 3 ಶೇಕಡ ಸುಣ್ಣ, ಮಾರನೇ ದಿನ 3 ಶೇಕಡ ಸಿಮೆಂಟ್ ಹಾಕಿದಾಗ ಏಳೇ ದಿನಕ್ಕೆ 1.1 ಬಂತು. ಮಳೆ ಹತ್ತಿರ ಇದ್ದ, ಬೇಗ ಗಾಡಿ ಬಿಡಬೇಕಿದ್ದ ಊರ ಮುಂದಿನ ತುಂಡಿಗೆ ಇದನ್ನೇ ಮಾಡಿದೆವು. ಸಿಮೆಂಟ್ ಹಾಕಿದ ಮೇಲೆ ಎರಡು ಗಂಟೆಯೊಳಗೆ ರೋಲರ್ ಮುಗಿಯಲೇಬೇಕು. ಬರೀ ಸುಣ್ಣದ ಜಾಗದಲ್ಲಿ ಹಾಗಲ್ಲ, ಬೆರೆಸಿ ನೀರು ಹಾಕಿ ಒಂದು ದಿನ ಬಿಟ್ಟು, ಮತ್ತೆ ರೋಟಾವೇಟರ್ ಓಡಿಸಿ ಆಮೇಲೆ ರೋಲರ್ ಹಾಕಿದರೆ ಹೆಂಟೆ ಚೆನ್ನಾಗಿ ಒಡೆಯುತ್ತದೆ.

20 ಸೆಂಟಿಮೀಟರ್ ದಪ್ಪದ ಪದರಕ್ಕೆ ಒಂದು ಚದರ ಮೀಟರಿನಲ್ಲಿ ಸುಮಾರು 300 ಕಿಲೋ ಒಣ ಮಣ್ಣು. 5 ಶೇಕಡ ಅಂದರೆ 15 ಕಿಲೋ ಸುಣ್ಣ. ನೆಲದ ಮೇಲೆ ಚೌಕ ಗೀಚಿ, ಚೀಲ ಇಟ್ಟು ಹರಡಿಸಿದೆವು. ಗುಂಡಿ ತೋಡಿ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಸುಣ್ಣ ಎಷ್ಟು ಆಳಕ್ಕೆ ಇಳಿದಿದೆ ಅಂತ ಅದು ಹೇಳುತ್ತದೆ, ಪ್ರಮಾಣ ಸಾಕಾಗಿದೆಯಾ ಅಂತ ಹೇಳುವುದಿಲ್ಲ. 3 ಶೇಕಡ ಹಾಕಿದರೂ ಅಷ್ಟೇ ಗುಲಾಬಿ.

ಸಾಂದ್ರತೆ ನೋಡುವಾಗ ಸುಣ್ಣ ಬೆರೆಸದ ಮಣ್ಣಿನ ಅಂಕಿ ಹಿಡಿಯಬೇಡಿ. ಸುಣ್ಣ ಸೇರಿದ ಮೇಲೆ ಗರಿಷ್ಠ ಸಾಂದ್ರತೆ ಇಳಿದು, ಬೇಕಾದ ನೀರು ಜಾಸ್ತಿ ಆಗುತ್ತದೆ. ರೋಲರ್ ಮುಗಿದ ಮೇಲೆ ಒಂದು ವಾರ ಪದರ ಒಣಗಲು ಬಿಡದೆ ನೀರು ಚಿಮುಕಿಸಿ, ಗಾಡಿ ತಡೆಯಬೇಕು. ಮಣ್ಣಲ್ಲಿ ಹೊಳೆಯುವ ಜಿಪ್ಸಂ ಹರಳು ಕಂಡರೆ ಸುಣ್ಣ, ಸಿಮೆಂಟ್ ಎರಡನ್ನೂ ಹಾಕುವ ಮುಂಚೆ ಸಲ್ಫೇಟ್ ಪರೀಕ್ಷೆ ಮಾಡಿಸಿ. ಸಲ್ಫೇಟ್ ಜಾಸ್ತಿ ಇದ್ದರೆ ಗಟ್ಟಿಯಾಗಬೇಕಾದ ಪದರವೇ ನೀರು ಸಿಕ್ಕಾಗ ಉಬ್ಬಿ ಏಳುತ್ತದೆ.