ಎರಡು ಸ್ಟಾರ್‌ನ ಕೊಂಕು ಕನ್ನಡದಲ್ಲೂ ಎರಡೇ ಸ್ಟಾರ್ ಆಗಿ ಉಳಿದದ್ದು: ನನ್ನ ಅನುಭವ

ಇಂಗ್ಲಿಷ್ ರಿವ್ಯೂಗಳ ಕೊಂಕು ಕನ್ನಡಕ್ಕೆ ಬರುವುದಿಲ್ಲ, ಬಂದರೆ ಬೈಗುಳ ಆಗುತ್ತದೆ ಅಂತ ಕೆಲಸ ಕೊಟ್ಟವರೇ ವಾದಿಸುತ್ತಿದ್ದರು. ಆ ರಿವ್ಯೂಗಳನ್ನು ಕನ್ನಡಕ್ಕೆ ಅನುವಾದಿಸುವುದು ನನ್ನ ಕೆಲಸ. ಈಗ ನನ್ನ ಪ್ರತಿಗಳು ಹೆಚ್ಚುಕಮ್ಮಿ ತಿದ್ದುಪಡಿ ಇಲ್ಲದೆ ಪಾಸಾಗುತ್ತಿವೆ.

ಎರಡು ಸ್ಟಾರ್ ಕೊಟ್ಟ ಒಂದು ಇಯರ್‌ಫೋನ್ ರಿವ್ಯೂ ನೋಡಿ. ಬ್ಯಾಟರಿ ದಿನಪೂರ್ತಿ ಬರುತ್ತದೆಂದು ಕಂಪನಿ ಹೇಳುತ್ತದೆ, ತನ್ನದು ‘ಹೀರೋಯಿಕ್’ 40 ನಿಮಿಷ ಬಂತು ಎಂದು ಮೂಲದ ಮಾತು. ‘ವೀರೋಚಿತ 40 ನಿಮಿಷ’ ಎಂದರೆ ಓದುವವರು ಮುಗ್ಗರಿಸುತ್ತಾರೆ. ‘ಬರೋಬ್ಬರಿ 40 ನಿಮಿಷ’ ಎಂದರೆ ಪತ್ರಿಕೆಯ ತಲೆಬರಹದಂತೆ ನಿಜವಾದ ಹೊಗಳಿಕೆಯಾಗುತ್ತದೆ. ವಿಶೇಷಣದಲ್ಲಿರುವ ಕೊಂಕನ್ನು ನಾವು ಕ್ರಿಯಾಪದಕ್ಕೆ ಸಾಗಿಸಬೇಕು. ‘ಬ್ಯಾಟರಿ ದಿನಪೂರ್ತಿ ಬರುತ್ತದಂತೆ. ನನ್ನದು 40 ನಿಮಿಷ ಬಂದು ಉಪಕಾರ ಮಾಡಿತು.’ ಕಂಪನಿಯ ಮಾತನ್ನು ನಂಬುವುದಿಲ್ಲ ಅನ್ನುವುದನ್ನು ಒಂದು ‘ಅಂತೆ’ ಹೇಳಿಬಿಟ್ಟಿತು. ಆದರೆ ಒಂದು ರಿವ್ಯೂನಲ್ಲಿ ‘ಅಂತೆ’ ಒಂದೇ ಸಲ ಸಾಕು. ಮೂರು ಸಲ ಬಂದರೆ ಕೊಂಕು ಹೋಗಿ ಗಾಳಿಸುದ್ದಿಯಾಗುತ್ತದೆ.

ಮುಂದಿನ ಸಾಲು, ಕಸ್ಟಮರ್ ಕೇರ್‌ನವರು ದಯೆಯಿಂದ ಎರಡು ಸಲ ಕ್ಷಮೆ ಕೇಳಿದರು, ಬೇರೇನೂ ಆಗಲಿಲ್ಲ ಎಂದು. ‘ಎರಡು ಸಲ ಕ್ಷಮೆ ಕೇಳಿದರು, ಪಾಪ. ಅಷ್ಟೇ.’ ಇಲ್ಲಿ ಪೂರ್ಣವಿರಾಮವೇ ಕೆಲಸ ಮಾಡುವುದು. ‘ಆದರೆ’ ಹಾಕಿ ಒಂದೇ ವಾಕ್ಯ ಮಾಡಿದರೆ ‘ಪಾಪ’ ನಿಜವಾದ ಕನಿಕರವಾಗುತ್ತದೆ. ಆಶ್ಚರ್ಯಚಿಹ್ನೆಯನ್ನಂತೂ ಹಾಕಲೇಬೇಡಿ, ಅದು ಕೊಂಕನ್ನು ಕೂಗಾಟ ಮಾಡುತ್ತದೆ.

ದೂರಿನ ಖಾರ ಮೂಲದ ಮಟ್ಟಕ್ಕೆ ಇಲ್ಲದಿದ್ದಾಗಲೇ ಹೆಚ್ಚು ಕೆಲಸ ವಾಪಸ್ ಬರುವುದು. ತಾನು ಅಂದುಕೊಂಡಂತೆ ಇಲ್ಲ ಎಂದು ಮೂಲದವನು ತಣ್ಣಗೆ ಹೇಳಿದ್ದರೆ ‘ಅಂದುಕೊಂಡ ಮಟ್ಟಕ್ಕಿಲ್ಲ’ ಸರಿ. ‘ದುಡ್ಡು ದಂಡ’ ಎರಡು ಮೆಟ್ಟಿಲು ಮೇಲೆ. ‘ಮೋಸ’ ದೂರೇ ಅಲ್ಲ, ಆರೋಪ. ಮೂಲದಲ್ಲಿ ಆರೋಪವಿಲ್ಲದೆ ಅದು ಬರಕೂಡದು. ಕೊನೆಯಲ್ಲಿ ಅವನು ಸೌಂಡ್ ಪರವಾಗಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ‘ಸೌಂಡ್ ಚೆನ್ನಾಗಿದೆ’ ಎಂದರೆ ಮೂರನೇ ಸ್ಟಾರ್ ಕೊಟ್ಟ ಹಾಗೆ. ‘ಹಾಗಂತ ಸೌಂಡ್ ಕೆಟ್ಟದ್ದೇನಲ್ಲ’ ಎಂಬಲ್ಲಿ ಒಪ್ಪಿಗೆಯೂ ಇದೆ, ಜಿಪುಣತನವೂ ಇದೆ.

ಪರೀಕ್ಷೆ ಹೀಗೆ: ಮೂಲ ಓದದ ಇಬ್ಬರಿಗೆ ಸ್ಟಾರ್ ತೋರಿಸದೆ ಕನ್ನಡ ಪ್ರತಿ ಕೊಟ್ಟು, ಎಷ್ಟು ಸ್ಟಾರ್ ಇರಬಹುದು ಎಂದು ಕೇಳುತ್ತೇನೆ. ಇಬ್ಬರೂ ಎರಡು ಎಂದರೆ ಕಳಿಸುತ್ತೇನೆ. ಒಂದು ಎಂದರೆ ಬೈಗುಳ ಜಾಸ್ತಿ, ನಾಲ್ಕು ಎಂದರೆ ಕೊಂಕು ಸತ್ತಿದೆ. ಯಾವ ಸಾಲಿನಿಂದ ಹಾಗನ್ನಿಸಿತು ಎಂದೂ ಕೇಳಿದರೆ ತಿದ್ದುವ ಜಾಗ ಸಿಗುತ್ತದೆ. ಆ ಇಬ್ಬರನ್ನು ಹೇಗೆ ಆರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಇದೇ ಇಯರ್‌ಫೋನ್ ರಿವ್ಯೂವನ್ನು ಪೂರ್ತಿ ಆಡುಮಾತಿನಲ್ಲಿ ‘ಬರತ್ತಂತೆ, ಮಾಡ್ತು’ ಎಂದೂ ಬರೆದು ನೋಡಿದೆ. ಕೊಂಕು ಹರಿತವಾಯಿತು, ಆದರೆ ಬರೆದವನು ಮೂಲದವನಿಗಿಂತ ಚಿಕ್ಕ ವಯಸ್ಸಿನವನಂತೆ ಕಂಡ. ಬರಹದ ಕ್ರಿಯಾಪದ, ಮಾತಿನ ಲಯ, ಈ ಬೆರಕೆಯೇ ನಿಂತಿತು.

ಇನ್ನು ದುಡ್ಡು. ಪದಕ್ಕಿಷ್ಟು ಎಂಬ ದರ ಇಲ್ಲಿ ಗಿಟ್ಟುವುದಿಲ್ಲ. ಕೊಂಕಿನ ನೂರು ಪದಕ್ಕೆ ಸುಮಾರು ಮುನ್ನೂರು ಸಾದಾ ಪದಗಳ ಹೊತ್ತು ಹಿಡಿಯುತ್ತದೆ. ಅದಕ್ಕೇ ಇಂಥವನ್ನು ಗಂಟೆ ಲೆಕ್ಕದಲ್ಲೇ ಒಪ್ಪಿಕೊಳ್ಳುತ್ತೇನೆ.