ಪಟ್ಟಿಯಲ್ಲಿ 344, ಬಿಲ್ಲಿನಲ್ಲಿ 181

ಕುಮಟಾದ ಹೊಸ ಮನೆಗೆ ಹೋಗುವ ಮೊದಲು ತಿಂಗಳಿಗೆ ಎಷ್ಟು ಯೂನಿಟ್ ಕರೆಂಟ್ ಬೇಕಾದೀತು ಅಂತ ಲೆಕ್ಕ ಹಾಕಲು ಕೂತೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ವಾ, ಹಾಗಾಗಿ ಆ ಗೆರೆಯ ಆಚೆಯೋ ಈಚೆಯೋ ಅನ್ನೋದು ಗೊತ್ತಾಗಬೇಕಿತ್ತು.

ಲೆಕ್ಕ ಸುಲಭ. ವ್ಯಾಟ್ ಅನ್ನು ದಿನದ ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ದಿನದ ಯೂನಿಟ್. ಅದನ್ನು 30ರಿಂದ ಗುಣಿಸಿದರೆ ತಿಂಗಳಿನದು. ಹಳೇ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದೆ. ಫ್ಯಾನ್ 67, ಫ್ರಿಜ್ 108, ಗೀಸರ್ 120, ಬಾವಿ ಪಂಪ್ 11. ದೀಪ, ಟಿವಿ, ಮಿಕ್ಸಿ, ವಾಷಿಂಗ್ ಮಷಿನ್, ಇಸ್ತ್ರಿ, ವೈಫೈ ಸೇರಿ 38. ಒಟ್ಟು 344! ನಾಲ್ಕು ಜನರ ಮನೆಗೆ ಇಷ್ಟಾ ಅಂತ ಗಾಬರಿಯಾಯಿತು.

ಪಟ್ಟಿ ಓದಿ ಹೇಳಿದಾಗ ಆಯಿ ನಕ್ಕಳು. "ತಮಾ, ಗೀಸರ್ ಎರಡು ತಾಸು ಪೂರಾ ಉರಿತದ್ಯಾ? ನೀರು ಬಿಸಿ ಆದ ಕೂಡ್ಲೆ ಟಕ್ ಅಂತ ಆರ್ತದಲ್ಲ."

ಹೌದಲ್ಲ! ಸ್ವಿಚ್ ಹಾಕಿಟ್ಟ ಹೊತ್ತನ್ನೇ ನಾನು ಗಂಟೆ ಅಂತ ಬರೆದಿದ್ದೆ. ಗೀಸರಿಗೆ ಗಂಟೆ ಬೇಡ, ಬಕೆಟ್ ಎಣಿಸಬೇಕು. ನಮ್ಮ ಕರಾವಳಿಯಲ್ಲಿ ಟ್ಯಾಂಕಿನ ನೀರು ಸುಮಾರು 27 ಡಿಗ್ರಿ ಇರುತ್ತದೆ, ಸ್ನಾನಕ್ಕೆ 42 ಸಾಕು. 20 ಲೀಟರನ್ನು 15 ಡಿಗ್ರಿ ಬಿಸಿ ಮಾಡಲು ಸುಮಾರು 0.35 ಯೂನಿಟ್ ಬೇಕು. ನಾಲ್ಕು ಬಕೆಟಿಗೆ 1.4, ತಿಂಗಳಿಗೆ 42. ತೊಟ್ಟಿಯಲ್ಲೇ ಉಳಿದು ತಣಿಯುವ ನೀರಿನ ಲೆಕ್ಕಕ್ಕೆ ಸ್ವಲ್ಪ ಸೇರಿಸಿ 45 ಅಂತ ಬರೆದೆ. ಇದೂ ಮಳೆಗಾಲದ್ದು ಮಾತ್ರ. ಒಣಗಿದ ತೆಂಗಿನ ಸಿಪ್ಪೆ ಇರುವಷ್ಟು ದಿನ ನಮ್ಮದು ಬಚ್ಚಲ ಒಲೆಯ ಹಂಡೆ ನೀರೇ.

ಫ್ರಿಜ್ಜಿನದೂ ಇದೇ ತಪ್ಪು. ಅದರ 150 ವ್ಯಾಟನ್ನು 24 ಗಂಟೆಗೆ ಗುಣಿಸಿದ್ದೆ. ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ. ಸ್ಟಾರ್ ಲೇಬಲ್ಲಿನಲ್ಲೇ ವರ್ಷದ ಯೂನಿಟ್ ಬರೆದಿರುತ್ತದೆ, ನಮ್ಮದರಲ್ಲಿ 210 ಇತ್ತು. ಅಂದರೆ ತಿಂಗಳಿಗೆ 17 ಚಿಲ್ಲರೆ. ಇಲ್ಲಿನ ಸೆಕೆಗೆ, ಮಕ್ಕಳು ಬಾಗಿಲು ತೆಗೆಯುವ ರೀತಿಗೆ, 20 ಹಿಡಿದೆ.

ಪಂಪಿನಲ್ಲಿ ಉಲ್ಟಾ, ಕಡಿಮೆ ಬರೆದಿದ್ದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟಾರ್ ತಿರುಗಿಸಿ ಕೊಡುವ ಶಕ್ತಿ. ಲೈನಿನಿಂದ ಎಳೆಯುವುದು ಜಾಸ್ತಿ. ಮೀಟರಿನ ಮೇಲೆ 3200 imp/kWh ಅಂತ ಇರುತ್ತದೆ, ಅಂದರೆ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. (ಕೆಲವು ಮೀಟರಿನಲ್ಲಿ ಬೇರೆ ಸಂಖ್ಯೆ ಇರುತ್ತದೆ, ನೋಡಿಕೊಳ್ಳಿ.) ಉಳಿದದ್ದೆಲ್ಲ ಆಫ್ ಮಾಡಿ ಪಂಪ್ ಒಂದೇ ಹಾಕಿ ಎಣಿಸಿದೆ. ನಿಮಿಷಕ್ಕೆ 60 ಸಲ. ಗಂಟೆಗೆ 3600, ಅದನ್ನು 3200ರಿಂದ ಭಾಗಿಸಿದರೆ 1.125 ಯೂನಿಟ್. ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ 17.

ಫ್ಯಾನಿನ ಲೆಕ್ಕ ಮಾತ್ರ ಸರಿಯಿತ್ತು, ಯಾಕೆಂದರೆ ಅದು ನಿಲ್ಲದೆ ತಿರುಗುತ್ತದೆ. 75 ವ್ಯಾಟಿನವು ಎಲ್ಲ ಸೇರಿ ದಿನಕ್ಕೆ 30 ಗಂಟೆ. ರಾತ್ರಿಯಿಡೀ ಓಡುವ ಎರಡು ಮಲಗುವ ಕೋಣೆಗಳಿಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ತಂದೆ, ಆ 18 ಗಂಟೆ ಅಗ್ಗವಾಯಿತು. 67 ಇದ್ದದ್ದು 43ಕ್ಕೆ ಇಳಿಯಿತು. ಹಾಲಿನ ಫ್ಯಾನ್ ಹಳೆಯದೇ ಇರಲಿ ಅಂತ ಬಿಟ್ಟೆ. ಮಿಕ್ಸಿಯ 750 ವ್ಯಾಟ್ ನೋಡಿ ಹೆದರುವವರು ಇದ್ದಾರೆ. ದಿನಕ್ಕೆ ಹತ್ತು ನಿಮಿಷ ಕಾಯಿ ಅರೆದರೆ ತಿಂಗಳಿಗೆ 4 ಯೂನಿಟ್ ಅಷ್ಟೇ. ಹತ್ತು ವ್ಯಾಟಿನ ವೈಫೈ ಪೆಟ್ಟಿಗೆ ಹಗಲು ರಾತ್ರಿ ಉರಿದು 7 ತಿನ್ನುತ್ತದೆ.

ಹೊಸ ಮೊತ್ತ 163. ಮೊದಲ ಪೂರ್ತಿ ತಿಂಗಳ ಬಿಲ್ ಬಂತು, 181. ರೀಡಿಂಗ್ ತಾರೀಕು ನೋಡಿದೆ, ಸರಿಯಾಗಿ 30 ದಿನ. 18 ಯೂನಿಟ್ ಎಲ್ಲಿಂದ?

ಒಂದು ಭಾನುವಾರ ಫ್ರಿಜ್, ವೈಫೈ, ಟಿವಿ ಪ್ಲಗ್ ಎಲ್ಲ ಕಿತ್ತು ಮೀಟರ್ ಮುಂದೆ ನಿಂತೆ. ಆದರೂ ದೀಪ ಸುಮಾರು 45 ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಗಂಟೆಗೆ 80 ಸಲ, ಅಂದರೆ 25 ವ್ಯಾಟ್. ಮೆಟ್ಟಿಲ ಕೆಳಗೆ ಇನ್ವರ್ಟರ್ ಗುಂಯ್ ಅನ್ನುತ್ತಾ ಕೂತಿತ್ತು, ಬ್ಯಾಟರಿ ತುಂಬಿದ್ದರೂ. ಅದನ್ನು ಪಟ್ಟಿಗೆ ಸೇರಿಸೋದೇ ಮರೆತಿದ್ದೆ. 25 ವ್ಯಾಟ್, 24 ಗಂಟೆ, 30 ದಿನ. ಸರಿಯಾಗಿ 18. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಲ್ಲಿ ಅದನ್ನು ಆಫ್ ಮಾಡಿಡೋಕಾಗಲ್ಲ. ನೋಟ್‌ಬುಕ್ಕಿನ ಕೊನೆಗೆ ಅದರ ಹೆಸರನ್ನೂ ಬರೆದೆ.