ಹಾಸನದ ಸರ್ಕಾರಿ ಸೀಟೋ, ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟೋ: ಸಾಲದ ಲೆಕ್ಕ ಹಾಕಿ ನೋಡಿ

ಕಾಲೇಜುಗಳ ಶುಲ್ಕ ಬೇರೆ ಬೇರೆ ಇರುತ್ತೆ, ಇದು ಬರೀ ಉದಾಹರಣೆ. ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಮನೆಯಿಂದಲೇ ಬಸ್ಸಲ್ಲಿ ಹೋಗಿ ಬಂದರೆ ಶುಲ್ಕ, ಪಾಸು, ಪುಸ್ತಕ ಸೇರಿ ವರ್ಷಕ್ಕೆ 70 ಸಾವಿರ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೆ ಹಾಸ್ಟೆಲ್ ಸೇರಿ ವರ್ಷಕ್ಕೆ 4.2 ಲಕ್ಷ. ನಾಲ್ಕು ವರ್ಷಕ್ಕೆ ವ್ಯತ್ಯಾಸ 14 ಲಕ್ಷ, ಅಷ್ಟನ್ನೂ ಸಾಲ ಮಾಡ್ತೀರಿ ಅಂತಿಟ್ಟುಕೊಳ್ಳಿ.

ಹೆಚ್ಚಿನವರು ಎಡವೋದು ಇಲ್ಲೇ. 14 ಲಕ್ಷಕ್ಕೆ ಶೇ. 10.5 ಬಡ್ಡಿ, ಹತ್ತು ವರ್ಷ ಅಂದರೆ ಕಂತು ಸುಮಾರು 18,900 ಅಂತ ಮೊಬೈಲ್ ತೋರಿಸುತ್ತೆ. ಆದರೆ ಓದುವ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ ಕಂತು ಇಲ್ಲದಿದ್ದರೂ ಬಡ್ಡಿ ಓಡ್ತಾನೇ ಇರುತ್ತೆ. ಪ್ರತಿ ವರ್ಷದ ಆರಂಭಕ್ಕೆ 3.5 ಲಕ್ಷ ಬಿಡುಗಡೆಯಾದರೆ, ಸರಳ ಬಡ್ಡಿಯಲ್ಲೇ ಸುಮಾರು 5.15 ಲಕ್ಷ ಸೇರಿ ಸಾಲ 19.15 ಲಕ್ಷ ಆಗುತ್ತೆ. ನಿಜವಾದ ಕಂತು ಸುಮಾರು 25,800. ಆ ಐದು ವರ್ಷವೂ ಬಡ್ಡಿ ಕಟ್ಟುತ್ತಾ ಹೋದರೆ ಮಾತ್ರ 18,900ಕ್ಕೆ ನಿಲ್ಲುತ್ತೆ. ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯನ್ನೂ ಅಡ ಕೇಳುತ್ತೆ. ತೋಟದ ಪತ್ರ ಕೊಡೋ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ.

ಅಂದರೆ ಆ ಸೀಟಿನಿಂದ ಕೈಗೆ ಬರೋ ಸಂಬಳ ಹತ್ತು ವರ್ಷವೂ ತಿಂಗಳಿಗೆ 25,800 ಹೆಚ್ಚಿರಬೇಕು. ಎರಡೂ ಕಡೆ ಪದವಿ ವಿಟಿಯುದೇ ಆಗಿದ್ದರೆ ಇದು ಇನ್ನೂ ಕಷ್ಟ.

ಕಾಲೇಜಿನವರು ಗರಿಷ್ಠ ಪ್ಯಾಕೇಜ್ ತೋರಿಸುತ್ತಾರೆ, ಅದು ಒಬ್ಬನದು. ನಿಮಗೆ ಬೇಕಾದ ಬ್ರಾಂಚಿನಲ್ಲಿ ಒಟ್ಟು ಎಷ್ಟು ಜನ ಇದ್ದರು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನವನಿಗೆ ಎಷ್ಟು ಸಿಕ್ಕಿತು ಕೇಳಿ. ‘ಅರ್ಹರಲ್ಲಿ ಶೇ. 90 ಜನಕ್ಕೆ ಕೆಲಸ’ ಅಂದರೆ ಅರ್ಹರು ಎಷ್ಟು ಜನ ಅಂತ ಮತ್ತೆ ಕೇಳಿ.